ಪ್ಲಾಸ್ಟಿಕ್ ಬಿಟ್ಟ ವಾರ: ನಮ್ಮ ಇಕೋ ಕ್ಲಬ್ ಲೆಕ್ಕದ ಪುಸ್ತಕದಿಂದ

ನಮ್ಮ ಪ್ರೌಢಶಾಲೆಯ ಇಕೋ ಕ್ಲಬ್ ಈ ಸಲದ ಪ್ಲಾಸ್ಟಿಕ್ ಮುಕ್ತ ವಾರ ಮುಗಿಸಿದೆ. ಜಾಥಾ, ಘೋಷಣೆ, ಪ್ರಬಂಧ ಸ್ಪರ್ಧೆ ಯಾವುದನ್ನೂ ಇಟ್ಟುಕೊಂಡಿರಲಿಲ್ಲ. ದಿನಕ್ಕೊಂದು ಕೆಲಸ, ಸಂಜೆ ಅದರ ಲೆಕ್ಕ, ಅಷ್ಟೇ. ಎಂಟರಿಂದ ಹತ್ತರವರೆಗೆ ಆರು ಸೆಕ್ಷನ್‌ಗಳಿವೆ. ಪ್ರತಿ ಸೆಕ್ಷನ್‌ನಿಂದ ಇಬ್ಬರು ಮಕ್ಕಳು ಎಣಿಕೆಯ ಹೊಣೆ ಹೊತ್ತರು. ಬೇರೆ ಶಾಲೆಯ ಕ್ಲಬ್‌ಗಳೂ ಇದೇ ವಾರ ನಡೆಸಿ, ಇದೇ ಅಚ್ಚಿನಲ್ಲಿ ಲೆಕ್ಕ ಕಳಿಸಿದರೆ ಪಕ್ಕಪಕ್ಕ ಇಟ್ಟು ನೋಡಬಹುದು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಸೋಮವಾರ: ಏನನ್ನೂ ಬಿಡಬೇಡಿ, ಎಣಿಸಿ

ಮೊದಲ ದಿನವೇ 'ಪ್ಲಾಸ್ಟಿಕ್ ತರಬೇಡಿ' ಅಂದುಬಿಟ್ಟರೆ ವಾರದ ಕೊನೆಗೆ ಎಷ್ಟು ಕಡಿಮೆಯಾಯಿತು ಅಂತ ಹೇಳೋದು ಹೇಗೆ? ಹಾಗಾಗಿ ಸೋಮವಾರ ಪ್ರಾರ್ಥನೆಯಲ್ಲಿ ಒಂದು ಮಾತೂ ಆಡಲಿಲ್ಲ. ಎಣಿಸುವ ಮಕ್ಕಳಿಗೆ ಬಿಟ್ಟು ಬೇರೆ ಯಾರಿಗೂ ವಿಷಯ ಗೊತ್ತಿರಲಿಲ್ಲ. ಸಂಜೆ ಕೊನೆಯ ಬೆಲ್ ಆದ ಮೇಲೆ ಪ್ರತಿ ತರಗತಿಯ ಕಸದ ಬುಟ್ಟಿಯನ್ನು ಜಗಲಿಯಲ್ಲಿ ಹಾಸಿದ ಗೋಣಿಚೀಲದ ಮೇಲೆ ಸುರಿದೆವು. ಕೈಗವಸು ಬೇಕು ಅಂತ ಒಬ್ಬ ಕೇಳಿದ. ಅದೂ ಪ್ಲಾಸ್ಟಿಕ್ಕೇ ಅಲ್ವಾ ಅಂತ ಇನ್ನೊಬ್ಬಳು ನಕ್ಕಳು. ಕೊನೆಗೆ ಲ್ಯಾಬಿನ ಇಕ್ಕಳ ತಂದರು.

ನಾಲ್ಕು ಗುಂಪು ಮಾಡಿದೆವು: ತಿಂಡಿ ಪ್ಯಾಕೆಟ್ ಮತ್ತು ಚಾಕೊಲೇಟ್ ಕಾಗದ, ಪೆನ್ನು ಮತ್ತು ರೀಫಿಲ್, ಕವರ್, ಇತರೆ. ತೂಕ ಮಾಡಲಿಲ್ಲ. ಚಿಪ್ಸ್ ಪ್ಯಾಕೆಟ್ ಒಂದೆರಡು ಗ್ರಾಂ ತೂಗಬಹುದು, ಅದಕ್ಕೆ ಅಂಟಿದ ಮಣ್ಣು, ಎಣ್ಣೆ, ನೀರು ಅದಕ್ಕಿಂತ ಜಾಸ್ತಿ ಇರುತ್ತವೆ. ಎಣಿಕೆಗೂ ಒಂದು ನಿಯಮ ಬೇಕು. ಪ್ಯಾಕೆಟ್‌ನಿಂದ ಹರಿದ ಚೂರುಗಳನ್ನು ಒಂದೊಂದಾಗಿ ಎಣಿಸುತ್ತಾ ಹೋದರೆ ಒಂದೇ ಪ್ಯಾಕೆಟ್ ಮೂರಾಗುತ್ತದೆ. ಹೆಬ್ಬೆರಳಿನ ಉಗುರಿಗಿಂತ ಚಿಕ್ಕ ಚೂರನ್ನು ಎಣಿಸಬೇಡಿ ಅಂತ ಗೆರೆ ಎಳೆದೆವು. ಎಲ್ಲ ಸೆಕ್ಷನ್‌ಗೂ ಅದೇ ನಿಯಮ.

ಬಿಸಿಯೂಟ ಸ್ಟೀಲ್ ತಟ್ಟೆಯಲ್ಲೇ ನಡೆಯುವುದರಿಂದ ಊಟದ ಕಡೆಯಿಂದ ಬುಟ್ಟಿಗೆ ಹೆಚ್ಚೇನೂ ಬಂದಿರಲಿಲ್ಲ. ಬಂದದ್ದೆಲ್ಲ ಗೇಟಿನ ಮುಂದಿನ ಅಂಗಡಿಯಿಂದ. ಒಳಗೆ ಬೆಳ್ಳಿಯಂತೆ ಮಿರುಗುವ ಪ್ಯಾಕೆಟ್‌ಗಳದ್ದೇ ರಾಶಿ. ಇವುಗಳಲ್ಲಿ ಪ್ಲಾಸ್ಟಿಕ್ ಪದರಗಳನ್ನು ಒಂದಕ್ಕೊಂದು ಅಂಟಿಸಿ, ನಡುವೆ ಅಲ್ಯೂಮಿನಿಯಂನ ತೆಳು ಲೇಪ ಕೊಟ್ಟಿರುತ್ತಾರೆ. ಗಾಳಿ, ತೇವ ಒಳಗೆ ಹೋಗದೆ ಚಿಪ್ಸ್ ಗರಿಗರಿಯಾಗಿ ಉಳಿಯುವುದು ಅದರಿಂದಲೇ. ಆದರೆ ಆ ಪದರಗಳನ್ನು ಮತ್ತೆ ಬಿಡಿಸುವುದು ಕಷ್ಟ. ನಮ್ಮೂರಿನ ಗುಜರಿ ಅಂಗಡಿಯವರು ಬಾಟಲಿ ತೆಗೆದುಕೊಳ್ಳುತ್ತಾರೆ, ಬಕೆಟ್ ತೆಗೆದುಕೊಳ್ಳುತ್ತಾರೆ, ಇದನ್ನು ಮುಟ್ಟುವುದಿಲ್ಲ.

ಗೇಟಿನ ಹೊರಗೆ ಚರಂಡಿಯ ಉದ್ದಕ್ಕೂ ಬಿದ್ದಿದ್ದನ್ನೂ ಎಣಿಸಿ ಬೇರೆ ಬರೆದುಕೊಂಡೆವು. ಇದು ಯಾಕೆ ಮುಖ್ಯ ಅನ್ನುವುದು ಮುಂದೆ ಬರುತ್ತದೆ.

ಮಂಗಳವಾರ: ಹಾಲಿನ ಪ್ಯಾಕೆಟ್ ಮೂಲೆ

ಕೆಲಸ ಮನೆಯದು. ಹಾಲು, ಮೊಸರಿನ ಪ್ಯಾಕೆಟ್ ಕತ್ತರಿಸುವಾಗ ಮೂಲೆಯ ತುಂಡು ಪೂರ್ತಿ ಬೇರೆಯಾಗಬಾರದು. ಸ್ವಲ್ಪ ಕತ್ತರಿಸಿ, ಮೂಲೆ ಪ್ಯಾಕೆಟ್ಟಿಗೆ ಅಂಟಿಕೊಂಡೇ ಇರುವಂತೆ ಬಿಡಬೇಕು. ಹಾಲಿನ ಪ್ಯಾಕೆಟ್ ಒಂದೇ ಜಾತಿಯ ಮೆತ್ತನೆ ಪ್ಲಾಸ್ಟಿಕ್, ಪಾಲಿಥಿನ್. ತೊಳೆದು ಒಣಗಿಸಿ ಕಟ್ಟು ಕಟ್ಟಿದರೆ ಗುಜರಿಗೆ ಬೇಕಾಗುತ್ತದೆ. ಕತ್ತರಿಸಿ ಬಿಸಾಕಿದ ಮೂಲೆಯನ್ನು ಮಾತ್ರ ಯಾರೂ ಆರಿಸಲಾರರು. ಅದು ಸಿಂಕಿನ ತೂತಿನಿಂದ ಇಳಿದು ನೇರ ಚರಂಡಿ ಸೇರುತ್ತದೆ.

ಬುಧವಾರ ಬೆಳಿಗ್ಗೆ ಮಕ್ಕಳು ಪ್ಯಾಕೆಟ್ ತಂದಾಗ ಒಂದು ತೊಂದರೆ ಗೊತ್ತಾಯಿತು. ಒಳಗೆ ತೇವ ಉಳಿದಿದ್ದವು ನಾರುತ್ತಿದ್ದವು. ಮೂಲೆಯಲ್ಲಿ ಸಣ್ಣದಾಗಿ ಕತ್ತರಿಸಿದ ಪ್ಯಾಕೆಟ್ಟಿನ ಒಳಗೆ ಗಾಳಿ ಆಡುವುದಿಲ್ಲ. ಹಾಲು ಸುರಿದ ಮೇಲೆ ಮೇಲಿನ ಅಂಚನ್ನು ಪೂರ್ತಿ ಸೀಳಿ, ಒಳಗೆ ತೊಳೆದು, ತಲೆಕೆಳಗಾಗಿ ಹಗ್ಗಕ್ಕೆ ಸಿಕ್ಕಿಸಿದರೆ ಚೆನ್ನಾಗಿ ಒಣಗುತ್ತದೆ. ಉಪಾಯ ಹೇಳಿಕೊಟ್ಟದ್ದು ನಮ್ಮ ಬಿಸಿಯೂಟದ ಅಡುಗೆಯಮ್ಮ.

ಬುಧವಾರ: ಕೈಚೀಲದ ಪರೀಕ್ಷೆ

ನಮ್ಮೂರಲ್ಲಿ ಸಂತೆ ಬುಧವಾರ. ಅದಕ್ಕೇ ಚೀಲದ ಕೆಲಸ ಅವತ್ತಿಗೆ ಇಟ್ಟುಕೊಂಡೆವು. ಮನೆಯಿಂದ ಚೀಲ ಒಯ್ಯುವುದು, ಎಷ್ಟು ಕಡೆ 'ಕವರ್ ಬೇಡ' ಅಂದೆವು ಅಂತ ಬರೆದುಕೊಳ್ಳುವುದು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2016ರಿಂದಲೇ ನಿಷೇಧವಿದೆ, ದಪ್ಪ ಎಷ್ಟೇ ಇರಲಿ. ಆದರೂ ಸಂತೆಯಲ್ಲಿ ಕೊತ್ತಂಬರಿಗೊಂದು, ಮೆಣಸಿನಕಾಯಿಗೊಂದು ಕವರ್ ಬರುತ್ತಲೇ ಇರುತ್ತದೆ. ತರಕಾರಿಯನ್ನು ಚೀಲಕ್ಕೆ ಹಾಕಿಸಿಕೊಳ್ಳುವುದು ಮಕ್ಕಳಿಗೆ ಸುಲಭವಾಗಿಯೇ ಆಯಿತು. ಸಿಕ್ಕಿಬಿದ್ದದ್ದು ಮೀನು, ಮಾಂಸದ ಹತ್ತಿರ. ಅಲ್ಲಿಗೆ ಮುಚ್ಚಳವಿರುವ ಸ್ಟೀಲ್ ಡಬ್ಬಿಯೇ ಬೇಕು.

ಆದರೆ ದಿನದ ಸ್ವಾರಸ್ಯ ಬೇರೆ ಕಡೆ ಇತ್ತು. ಹಲವರು 'ಬಟ್ಟೆ ಚೀಲ' ಅಂತ ತಂದದ್ದು ಬಟ್ಟೆಯದೇ ಅಲ್ಲ. ಜವಳಿ ಅಂಗಡಿಯವರು ಕೊಡುವ ಬಣ್ಣಬಣ್ಣದ ಚೀಲ ನೋಡಲು ಬಟ್ಟೆಯಂತಿದ್ದರೂ ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಗುರುತಿಸುವುದು ಸುಲಭ. ಅಂಚಿನಿಂದ ಒಂದು ನೂಲು ಎಳೆಯಿರಿ. ನೇಯ್ದ ಬಟ್ಟೆಯಾದರೆ ಉದ್ದಕ್ಕೆ ಎಳೆ ಬರುತ್ತದೆ. ಇದರಲ್ಲಿ ಎಳೆ ಬರುವುದಿಲ್ಲ, ಜುಂಗು ಜುಂಗಾಗಿ ಕಿತ್ತುಬರುತ್ತದೆ. ಬೆಳಕಿಗೆ ಹಿಡಿದರೆ ಬಿಸಿಯಲ್ಲಿ ಒತ್ತಿದ ಚುಕ್ಕಿಗಳ ಸಾಲು ಕಾಣುತ್ತದೆ. ಸುಟ್ಟು ನೋಡೋಣ ಅಂದವರಿಗೆ ಬೇಡ ಅಂದೆ. ಹೊಗೆ ಒಳ್ಳೆಯದಲ್ಲ, ಕರಗಿ ಕೈಗೆ ಅಂಟಿದರೆ ಚರ್ಮವೇ ಎದ್ದುಬರುತ್ತದೆ.

ಇಂಥ ಚೀಲ ಚದರ ಮೀಟರಿಗೆ ಕನಿಷ್ಠ 60 ಗ್ರಾಂ ತೂಗಬೇಕು ಅಂತ ಕೇಂದ್ರದ ನಿಯಮ 2021ರ ಸೆಪ್ಟೆಂಬರ್ ಕೊನೆಯಿಂದ ಜಾರಿಯಲ್ಲಿದೆ. ಹತ್ತನೇ ತರಗತಿಯವರು ಅದನ್ನು ಲ್ಯಾಬಿನ ತಕ್ಕಡಿಯಲ್ಲಿ ನೋಡಿಯೇ ಬಿಟ್ಟರು. ಒಂದು ಚೀಲದ ಉದ್ದ 40 ಸೆಂಟಿಮೀಟರ್, ಅಗಲ 35. ಎರಡು ಬದಿ ಸೇರಿ 0.28 ಚದರ ಮೀಟರ್. ನಿಯಮದಂತೆ ಸುಮಾರು 17 ಗ್ರಾಂ ಇರಬೇಕಿತ್ತು. ತೂಗಿದ್ದು 11. ಹೊಲಿಗೆಯ ಮಡಿಕೆ ಎಲ್ಲ ಸೇರಿ ಇಷ್ಟೇ. 'ಮೇಡಂ, ಇದು ಕವರ್‌ಗಿಂತ ಕಡೆ' ಅಂದ ಒಬ್ಬ. ನಾಲ್ಕು ಸಲ ಸಂತೆಗೆ ಹೋದರೆ ಹಿಡಿ ಹರಿಯುತ್ತದೆ, ಆಮೇಲೆ ಪುಡಿಪುಡಿಯಾಗಿ ಮನೆ ತುಂಬಾ ಉದುರುತ್ತದೆ. ನನ್ನ ಕೇಳಿದರೆ ಹಳೆ ಪಂಚೆಯೋ ಪ್ಯಾಂಟೋ ಹೊಲಿಸಿದ ಚೀಲವೇ ಲೇಸು.

ಗುರುವಾರ: ಪ್ಯಾಕೆಟ್ ಇಲ್ಲದ ತಿಂಡಿ

ಕಷ್ಟದ ದಿನ ಇದೇ. ಬುಧವಾರ ಸಂಜೆಯೇ ಮೂವರು ಮಕ್ಕಳು ಅಂಗಡಿ ಅಕ್ಕನ ಹತ್ತಿರ ಹೋಗಿ ಮಾತಾಡಿದ್ದರು. 'ಪ್ಯಾಕೆಟ್ ನಿಲ್ಲಿಸಿದ್ರೆ ನಾನು ಏನು ಮಾರ್ಲಿ ಕಣ್ರೋ?' ಅಂತ ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಒಪ್ಪಂದ ಹೀಗಾಯಿತು: ಗುರುವಾರ ಡಬ್ಬದಲ್ಲಿ ಬಿಡಿಯಾಗಿ ಕಡ್ಲೆಮಿಠಾಯಿ, ಹುರಿದ ಕಡ್ಲೆಕಾಯಿ, ಮಸಾಲೆ ಮಂಡಕ್ಕಿ ಇಡುತ್ತಾರೆ. ಮಕ್ಕಳು ತಮ್ಮ ಊಟದ ಡಬ್ಬಿಯ ಮುಚ್ಚಳ ಒಡ್ಡುತ್ತಾರೆ. ನ್ಯೂಸ್‌ಪೇಪರ್ ಪೊಟ್ಟಣ ಬೇಡ ಅಂದೆವು. ಮುದ್ರಣದ ಮಸಿ ತಿಂಡಿಯ ಎಣ್ಣೆಗೆ ಇಳಿಯುತ್ತದೆ, ಆಹಾರ ಸುರಕ್ಷತೆಯ ನಿಯಮವೂ ಅದಕ್ಕೆ ಒಪ್ಪುವುದಿಲ್ಲ. ಮಂಡಕ್ಕಿ ಮಧ್ಯಾಹ್ನದೊಳಗೆ ಖಾಲಿ. ಮಳೆ ಮೋಡದ ದಿನವಾಗಿದ್ದರೆ ಅದು ಮೆತ್ತಗಾಗಿ ಯಾರಿಗೂ ಬೇಡವಾಗುತ್ತಿತ್ತು. ಪ್ಯಾಕೆಟ್ಟಿನ ಜೋರು ಇರುವುದೇ ಅಲ್ಲಿ. ಅಂಗಡಿಯಾಕೆ ಈಗ ಕಡ್ಲೆಮಿಠಾಯಿ, ಕಡ್ಲೆಕಾಯಿ ಮುಂದುವರಿಸಿದ್ದಾರೆ, ಮಂಡಕ್ಕಿ ಬಿಟ್ಟಿದ್ದಾರೆ.

ಶುಕ್ರವಾರ: ಪೆನ್ನು

ಮುಗಿದ ಪೆನ್ನು, ರೀಫಿಲ್ ಎಲ್ಲ ಒಂದು ಡಬ್ಬಿಗೆ. ಶಾಯಿ ಪೆನ್ನಿಗೆ ಬದಲಾಗಿ ಅಂತ ಒತ್ತಾಯ ಮಾಡಲಿಲ್ಲ. ಅಗ್ಗದ ನೋಟ್‌ಬುಕ್ಕಿನ ಹಾಳೆಯಲ್ಲಿ ಶಾಯಿ ಹರಡಿ ಹಿಂದಿನ ಪುಟಕ್ಕೆ ಇಳಿಯುತ್ತದೆ. ರೀಫಿಲ್ ಬದಲಾಯಿಸಲು ಬರುವ ಪೆನ್ನು ಕೊಳ್ಳಿ ಅಂದೆವು. ಕೊಳ್ಳುವಾಗ ತಲೆ ತಿರುಗಿಸಿ ನೋಡಿ, ಬಿಚ್ಚದಿದ್ದರೆ ಅದು ಬಳಸಿ ಬಿಸಾಡುವ ಪೆನ್ನು.

ಶನಿವಾರ: ಹುಟ್ಟುಹಬ್ಬದ ಮಾತು

ಶನಿವಾರ ಅರ್ಧ ದಿನ ಶಾಲೆ. ಅವತ್ತಿನ ಬುಟ್ಟಿಯನ್ನು ಸೋಮವಾರದ ಜೊತೆ ಹೋಲಿಸುವಂತಿಲ್ಲ, ಅರ್ಧ ದಿನಕ್ಕೆ ಕಸವೂ ಅರ್ಧ. ಆದ್ದರಿಂದ ಕೊನೆಯ ಎಣಿಕೆಯನ್ನು ಮುಂದಿನ ಸೋಮವಾರಕ್ಕೆ ಹಾಕಿದೆವು. ಶನಿವಾರದ ಕೆಲಸ ಕೂತು ಮಾತಾಡುವುದು: ಹುಟ್ಟುಹಬ್ಬಕ್ಕೆ ತರಗತಿಗೆಲ್ಲ ಚಾಕೊಲೇಟ್ ಹಂಚುವುದರ ಬದಲು ಏನು? ಬಾಳೆಹಣ್ಣು, ಬಿಡಿ ಕೊಬ್ಬರಿ ಮಿಠಾಯಿ ಅಂದರು. ಏನೂ ಬೇಡ, ಒಂದು ಹಾಡು ಹೇಳಿದರೆ ಸಾಕು ಅಂದಳೊಬ್ಬಳು. ತೀರ್ಮಾನ ಆಯಾ ತರಗತಿಗೆ ಬಿಟ್ಟೆವು. ಕೆಲವು ಮನೆಗಳಲ್ಲಿ ಆ ಚಾಕೊಲೇಟ್ ಪೊಟ್ಟಣ ಕೊಳ್ಳುವುದೇ ಹುಟ್ಟುಹಬ್ಬ, ಅದನ್ನು ಸುಮ್ನೆ ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ.

ಲೆಕ್ಕ ಏನು ಹೇಳಿತು

8ಬಿ ತರಗತಿಯದ್ದನ್ನೇ ನೋಡಿ. ಮೊದಲ ಸೋಮವಾರ 38 ಮಕ್ಕಳು ಹಾಜರು, ಬುಟ್ಟಿಯಲ್ಲಿ 76 ಚೂರು, ಒಬ್ಬರಿಗೆ ಎರಡು. ಎರಡನೇ ಸೋಮವಾರ 35 ಮಕ್ಕಳು, 21 ಚೂರು, ಒಬ್ಬರಿಗೆ 0.6. ಎಪ್ಪತ್ತು ಶೇಕಡಾ ಇಳಿಯಿತು ಅಂತ ಮಕ್ಕಳು ಕುಣಿದರು. ಆದರೆ ಮೊದಲ ಸೋಮವಾರ ಆ ತರಗತಿಯಲ್ಲಿ ಒಂದು ಹುಟ್ಟುಹಬ್ಬ ಇತ್ತು. 76ರಲ್ಲಿ 40 ಚಾಕೊಲೇಟ್ ಕಾಗದವೇ. ಅದನ್ನು ತೆಗೆದರೆ ಉಳಿಯುವುದು 36, ಒಬ್ಬರಿಗೆ ಒಂದಕ್ಕೆ ಹತ್ತಿರ. ಅಲ್ಲಿಂದ 0.6ಕ್ಕೆ ಅಂದರೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಇಳಿದಿದೆ. ಇದೂ ಚೆನ್ನಾಗಿಯೇ ಇದೆ, ಆದರೆ ಎಪ್ಪತ್ತಲ್ಲ.

ಈಗ ಚರಂಡಿಯ ವಿಷಯ. ಆರೂ ಸೆಕ್ಷನ್ ಸೇರಿ, ಹುಟ್ಟುಹಬ್ಬ ಬಿಟ್ಟು, ಬುಟ್ಟಿಗಳಲ್ಲಿ 97 ಚೂರು ಕಡಿಮೆಯಾಗಿತ್ತು. ಗೇಟಿನ ಹೊರಗೆ ಮಾತ್ರ 31 ಇದ್ದದ್ದು 44 ಆಗಿತ್ತು. ಎಣಿಸುತ್ತಾರೆ ಅಂತ ಗೊತ್ತಾದ ಮೇಲೆ ಕೆಲವರು ತಿಂದು ಹೊರಗೇ ಎಸೆದು ಒಳಗೆ ಬಂದಿದ್ದಾರೆ. ಹಾಗಾಗಿ 97ರಿಂದ ಆ 13 ಕಳೆದು 84 ಅಂತ ಬರೆದೆವು. ಕಡಿಮೆ ಕಸದ ತರಗತಿಗೆ ಬಹುಮಾನ ಇಟ್ಟಿದ್ದರೆ ಚರಂಡಿ ಇನ್ನೂ ತುಂಬುತ್ತಿತ್ತು ಅಂತ ನನ್ನ ಅಂದಾಜು. ಬಹುಮಾನ ಇಡಲೇಬೇಕು ಅಂದರೆ ಒಂದು ದಿನವೂ ಬಿಡದೆ ಲೆಕ್ಕ ಕೊಟ್ಟ ತರಗತಿಗೆ ಇಡಿ.

ಹಂಚಿಕೊಳ್ಳುವುದು ಹೇಗೆ

ಶಾಲೆಯೊಳಗೆ ಮುಖ್ಯೋಪಾಧ್ಯಾಯರ ಕೋಣೆಯ ಪಕ್ಕ ಒಂದು ಚಾರ್ಟ್, ಸೆಕ್ಷನ್‌ಗೊಂದು ಸಾಲು. ಬೇರೆ ಶಾಲೆಗಳ ಜೊತೆಗೆ ಇಕೋ ಕ್ಲಬ್ ಶಿಕ್ಷಕರ ವಾಟ್ಸಾಪ್ ಗುಂಪು. ತರಗತಿಗೊಂದೇ ಸಂದೇಶ, ಈ ಅಚ್ಚಿನಲ್ಲಿ:

ಸೋಮ, 8ಬಿ, ಹಾಜರಿ 38, ತಿಂಡಿ 57, ಪೆನ್ನು 6, ಕವರ್ 4, ಇತರೆ 9, ಹುಟ್ಟುಹಬ್ಬ 1 (40)

ಕಂಸದಲ್ಲಿರುವುದು ಆ ಹುಟ್ಟುಹಬ್ಬದ ಚಾಕೊಲೇಟ್ ಕಾಗದ, ಅದು ತಿಂಡಿಯ 57ರ ಒಳಗೇ ಸೇರಿದೆ. ಗೇಟಿನ ಹೊರಗಿನ ಎಣಿಕೆ ಇಡೀ ಶಾಲೆಗೆ ಒಂದೇ, ಅದನ್ನು ಕ್ಲಬ್ ಶಿಕ್ಷಕರು ಬೇರೆ ಸಂದೇಶದಲ್ಲಿ ಕಳಿಸಲಿ. ಫೋಟೋ ಹಾಕುವುದಾದರೆ ರಾಶಿಯದ್ದು ಹಾಕಿ, ಪಕ್ಕದಲ್ಲಿ ಒಂದು ಸ್ಕೇಲ್ ಇಡಿ, ಮಕ್ಕಳ ಮುಖ ಬೇಡ. ಜಾತ್ರೆ, ರಜೆ, ಪರೀಕ್ಷೆ ಅಂತ ಹಾಜರಿ ಬಿದ್ದಿದ್ದರೆ ಕೊನೆಯಲ್ಲಿ ಬರೆಯಿರಿ. ಎಣಿಸಲಾಗದ ದಿನಕ್ಕೆ ಸೊನ್ನೆ ಹಾಕಬೇಡಿ, ಅಡ್ಡಗೆರೆ ಎಳೆಯಿರಿ. ಸೊನ್ನೆ ಅಂದರೆ ಎಣಿಸಿದೆವು, ಒಂದೂ ಸಿಗಲಿಲ್ಲ ಅಂತ.