ಮೇಲಿನ ಸಾಲು ಒಂದು, ಕೆಳಗಿನ ತಾರೀಖು ಇನ್ನೊಂದು

2024ರ ಜೂನ್ ಕೊನೆಯ ವಾರ. ಬೆಳಗಾವಿ ಉದ್ಯಮಬಾಗದ ಒಂದು ಮಷಿನ್ ಶಾಪ್‌ನಲ್ಲಿ ನಾನು ಆಫೀಸು ಕೆಲಸ ನೋಡುತ್ತಿದ್ದೆ. ವಿಎಂಸಿ ಅಂದರೆ ಕಂಪ್ಯೂಟರ್ ಪ್ರೋಗ್ರಾಂ ಪ್ರಕಾರ ಲೋಹ ಕೊರೆಯುವ ಮಷಿನ್; ಅದನ್ನು ಕೆಲಸಕ್ಕೆ ಸಜ್ಜು ಮಾಡುವ ಸೆಟ್ಟರ್ ಇಬ್ಬರು ಬೇಕಾಗಿದ್ದರು. ಐಟಿಐ ಇಲ್ಲವೇ ಮೆಕ್ಯಾನಿಕಲ್ ಡಿಪ್ಲೊಮಾ ಆಗಿರಬೇಕು, ವಿಎಂಸಿ ಮೇಲೆ ಕನಿಷ್ಠ 3 ವರ್ಷ ಕೆಲಸ ಮಾಡಿರಬೇಕು, ಪೀಸ್, ಟೂಲ್ ಎಲ್ಲಿವೆ ಅನ್ನುವ ಅಳತೆ, ಅಂದರೆ ಆಫ್‌ಸೆಟ್, ಮಷಿನ್‌ಗೆ ಕೊಟ್ಟು ಮೊದಲ ಪೀಸ್ ತಾನೇ ತೆಗೆಯಬೇಕು. ಇಷ್ಟೇ ಬೇಡಿಕೆ. ಬಂದ ರೆಸ್ಯೂಮ್ 62.

ಒಂದೇ ದಿನದಲ್ಲಿ ಶೀಟ್ ಮುಗಿಸಿದೆ. ಪ್ರತಿ ರೆಸ್ಯೂಮ್‌ನ ತಲೆಯ ಮೇಲೆ ‘ಇಷ್ಟು ವರ್ಷದ ಅನುಭವ’ ಅಂತ ಒಂದು ಸಾಲು ಇರುತ್ತದೆ ಅಲ್ವಾ, ಅದನ್ನೇ ಕಾಲಂಗೆ ಇಳಿಸಿದ್ದೆ. 3ಕ್ಕಿಂತ ಕಡಿಮೆ ಇದ್ದವರನ್ನು ಫಿಲ್ಟರ್ ಹಾಕಿ ತೆಗೆದೆ.

ಮರುದಿನ ಪ್ರೊಡಕ್ಷನ್ ಮ್ಯಾನೇಜರ್ ಶೀಟ್ ನೋಡಿದರು. ಐದು ವರ್ಷ ಅಂತ ಇದ್ದ ಒಬ್ಬ ಹುಡುಗನ ಹೆಸರಿನ ಮೇಲೆ ಬೆರಳಿಟ್ಟರು. "ಈ ಐದು ವರ್ಷ ಯಾವ ಮಷಿನ್ ಮ್ಯಾಲ ರೀ ಮೇಡಂ?" ನನ್ನ ಹತ್ತಿರ ಉತ್ತರ ಇರಲಿಲ್ಲ. ರೆಸ್ಯೂಮ್ ತೆರೆದು ಇಬ್ಬರೂ ಓದಿದೆವು. 2019ರ ಆಗಸ್ಟ್‌ನಿಂದ 2020ರ ಜುಲೈವರೆಗೆ ಅಪ್ರೆಂಟಿಸ್, 12 ತಿಂಗಳು. 2020ರ ಸೆಪ್ಟೆಂಬರ್‌ನಿಂದ 2022ರ ಫೆಬ್ರವರಿವರೆಗೆ ಸಾದಾ ಲೇತ್, 18 ತಿಂಗಳು. ಮಾರ್ಚ್‌ನಿಂದ ಈಚೆಗೆ ವಿಎಂಸಿ, 28 ತಿಂಗಳು. ಎಲ್ಲ ಕೂಡಿಸಿದರೆ 58, ಹೆಚ್ಚು ಕಡಿಮೆ ಐದು ವರ್ಷ. ಹುಡುಗ ಸುಳ್ಳು ಹೇಳಿರಲಿಲ್ಲ. ಆದರೆ ನಮಗೆ ಬೇಕಾದ ಲೆಕ್ಕದಲ್ಲಿ ಅದು 2 ವರ್ಷ 4 ತಿಂಗಳು.

ಹಾಗಾದರೆ ನಾನು ತೆಗೆದುಹಾಕಿದವರ ಗತಿ ಏನು? ಆ ಯೋಚನೆ ಬಂದಮೇಲೆ ನನಗೆ ಸುಮ್ನೆ ಕೂರಲು ಆಗಲಿಲ್ಲ. ಎಲ್ಲ 62 ರೆಸ್ಯೂಮ್‌ಗಳನ್ನು ಮತ್ತೆ ತೆರೆದೆ. ಈ ಸಲ ಒಬ್ಬರಿಗೆ ಒಂದು ಸಾಲು ಅಲ್ಲ, ಒಂದೊಂದು ಕೆಲಸಕ್ಕೆ ಒಂದೊಂದು ಸಾಲು. C ಕಾಲಂನಲ್ಲಿ ಸೇರಿದ ತಾರೀಖು, D ಕಾಲಂನಲ್ಲಿ ಬಿಟ್ಟ ತಾರೀಖು, ಪಕ್ಕದಲ್ಲಿ ಯಾವ ಮಷಿನ್. ತಿಂಗಳು ಎಣಿಸಲು ಈ ಫಾರ್ಮುಲಾ:

```
=DATEDIF(C2,D2+1,"m")
```

ಆ `+1` ಮರೆಯಬಾರದು. ಜನವರಿ 1ರಿಂದ ಮೇ 31ರವರೆಗೆ ಐದು ತಿಂಗಳು ಪೂರ್ತಿ ದುಡಿದಿದ್ದರೂ, `+1` ಇಲ್ಲದಿದ್ದರೆ ನಾಲ್ಕು ಅಂತ ತೋರಿಸುತ್ತದೆ. ಎರಡು ಕಡೆ ಹೀಗೆ ತಿಂಗಳ ಕೊನೆಯವರೆಗೆ ಕೆಲಸ ಮಾಡಿ ಸರಿಯಾಗಿ 36 ತಿಂಗಳು ಮುಗಿಸಿದವನು 34ಕ್ಕೆ ಇಳಿದು ಫಿಲ್ಟರ್‌ನಲ್ಲಿ ಹೊರಗೆ ಬೀಳುತ್ತಾನೆ. ಕೆಲವರು ಎರಡು ಕೆಲಸದ ತಾರೀಖು ಒಂದರ ಮೇಲೊಂದು ಬರುವ ಹಾಗೆ ಬರೆದಿರುತ್ತಾರೆ. ಆ ತಿಂಗಳುಗಳನ್ನು ಒಂದೇ ಸಲ ಎಣಿಸಬೇಕು.

‘ಟಿಲ್ ಡೇಟ್’ ಅಂತ ಬರೆದದ್ದು ಇನ್ನೊಂದು ತೊಡಕು. ಯಾವ ದಿನದವರೆಗೆ? ಹಳೇ ರೆಸ್ಯೂಮ್ ಆದರೆ ಆ ಕೆಲಸ ಯಾವಾಗಲೋ ಬಿಟ್ಟಿರಬಹುದು. ನಮ್ಮ ಕಡೆ ರೆಸ್ಯೂಮ್‌ನ ಕೊನೆಗೆ ಡಿಕ್ಲರೇಶನ್ ಇರುತ್ತದೆ. ಅದರ ಕೆಳಗೆ ಊರು, ತಾರೀಖು. ಆ ತಾರೀಖಿನವರೆಗೆ ಮಾತ್ರ ಎಣಿಸಿ, ಮುಂದಿನದನ್ನು ಫೋನ್‌ನಲ್ಲಿ ಕೇಳಿ ಸೇರಿಸಿದೆ.

ಕೌಶಲ್ಯದ ಕಾಲಂನಲ್ಲಿ ಮೊದಲು ‘ಇದೆ’, ‘ಇಲ್ಲ’ ಎರಡೇ ಇದ್ದವು. ಈಗ ‘ಬರೆದಿಲ್ಲ’ ಅಂತ ಮೂರನೆಯದು ಸೇರಿಸಿದೆ. ಬಹಳ ಹುಡುಗರು ‘ವಿಎಂಸಿ ಆಪರೇಟರ್’ ಅಂತ ಬರೆದು ಬಿಟ್ಟಿರುತ್ತಾರೆ. ಬರೀ ಪೀಸ್ ಹಾಕಿ ಸೈಕಲ್ ಸ್ಟಾರ್ಟ್ ಒತ್ತುವವರೂ ಆಪರೇಟರ್, ವರ್ಕ್ ಆಫ್‌ಸೆಟ್, ಟೂಲ್ ಆಫ್‌ಸೆಟ್ ತಾವೇ ಕೊಡುವವರೂ ಆಪರೇಟರ್. ಬರೆದಿಲ್ಲ ಅಂದರೆ ಬರುವುದಿಲ್ಲ ಅಂತ ಅರ್ಥ ಅಲ್ಲ. ಅದು ಫೋನ್ ಮಾಡಿ ಕೇಳಬೇಕಾದ ವಿಷಯ. ‘ಇದೆ’ ಅಂತ ಹಾಕಿದ ಕಡೆ, ರೆಸ್ಯೂಮ್‌ನ ಯಾವ ಸಾಲು ನೋಡಿ ಹಾಗೆ ಹಾಕಿದೆ ಅನ್ನುವುದನ್ನು ಪಕ್ಕದ ಕಾಲಂನಲ್ಲಿ ಹಾಗೇ ಅಂಟಿಸಿದೆ. ವಿದ್ಯಾರ್ಹತೆಯಲ್ಲಿ ಜಾಸ್ತಿ ತೊಂದರೆ ಆಗಲಿಲ್ಲ, ಪಾಸಾದ ವರ್ಷ ಇದೆಯೋ ಇಲ್ಲವೋ ನೋಡಿದರೆ ಸಾಕಾಯಿತು.

ಎರಡು ದಿನ ಹಿಡಿಯಿತು. ಎರಡನೇ ದಿನ ಮಧ್ಯಾಹ್ನ ಒಂದು ರೆಸ್ಯೂಮ್ ಕೈಗೆ ಬಂತು. ತಲೆಯ ಮೇಲೆ ‘2 ವರ್ಷದ ಅನುಭವ’ ಅಂತ ಇತ್ತು. ಅದನ್ನೇ ನೋಡಿ ಮೊದಲ ದಿನ ತೆಗೆದುಹಾಕಿದ್ದೆ. ಕೆಳಗೆ ತಾರೀಖು ನೋಡಿದರೆ 2021ರ ಜನವರಿಯಿಂದ 2022ರ ಮೇವರೆಗೆ ಒಂದು ಕಡೆ ವಿಎಂಸಿ, 17 ತಿಂಗಳು. ಜುಲೈನಿಂದ ಇನ್ನೊಂದು ಕಡೆ, 24 ತಿಂಗಳು. ಒಟ್ಟು 41. ಫೋನ್ ಮಾಡಿದೆ.

"ಹೌದ್ರೀ ಮೇಡಂ, ಹೊಸಾ ಕಂಪನಿ ಹೆಸರು ಸೇರಿಸೇನಿ, ಮ್ಯಾಲಿನ ಸಾಲು ಬದಲ್ ಮಾಡೂದು ಮರ್ತೇನ್ರಿ."

ಸೆಟ್ಟಿಂಗ್ ಯಾರು ಮಾಡುತ್ತಾರೆ ಅಂತ ಕೇಳಿದೆ. ನೈಟ್ ಶಿಫ್ಟ್‌ನಲ್ಲಿ ತಾನೇ ಮಾಡುವುದಾಗಿ ಹೇಳಿ, ಹೇಗೆ ಅನ್ನುವುದನ್ನೂ ವಿವರಿಸಿದ. ಅವನನ್ನು ಟ್ರಯಲ್‌ಗೆ ಕರೆದೆವು.

ಐದು ವರ್ಷದ ಹುಡುಗನಿಗೂ ಫೋನ್ ಮಾಡಿದೆ. ವಿಎಂಸಿ ಮೇಲೆ ಇನ್ನೂ ಎಂಟು ತಿಂಗಳು ಬೇಕು ಅಂತ ಕಾರಣ ಹೇಳಿದೆ. ಅವನ ಸಾಲನ್ನು ಶೀಟ್‌ನಿಂದ ಅಳಿಸಲಿಲ್ಲ. ಕೊನೆಯ ಕಾಲಂನಲ್ಲಿ ‘2025 ಫೆಬ್ರವರಿಗೆ 36 ತಿಂಗಳು ಆಗುತ್ತದೆ, ಆಗ ಕೇಳಬೇಕು’ ಅಂತ ಬರೆದಿಟ್ಟೆ.