ಎರಡು ನಿಮಿಷದ ಸ್ವಾಗತ

ಕಾಸರಗೋಡಿನ ಬದಿಯಡ್ಕದಲ್ಲಿ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ. ಎಲ್ಲರಿಗೂ ಬೆಲ್ಲ, ನೀರು ಕೊಟ್ಟಾದ ಮೇಲೆ ಚಿಕ್ಕಪ್ಪ ಮೈಕ್ ಹಿಡಿದರು. ಮೊದಲು ಗಂಡಿನ ಕಡೆಯ ಹಿರಿಯರು, ಆಮೇಲೆ ಹುಡುಗಿಯ ಸೋದರಮಾವ, ನಂತರ ನೆಂಟರು, ನೆರೆಕರೆಯವರು. ಯಾರ ಹೆಸರನ್ನೂ ಹಿಡಿದು ಕರೆಯಲಿಲ್ಲ. ಕರೆಯಲು ಹೋದರೆ ಒಬ್ಬರಾದರೂ ಬಿಟ್ಟುಹೋಗುತ್ತಾರೆ, ಆಮೇಲೆ ವರ್ಷಗಟ್ಟಲೆ ಮುನಿಸು!

"ಪುತ್ತೂರಿನಿಂದ ಬೆಳಗ್ಗೆ ಬೇಗ ಹೊರಟು ಬಂದಿದ್ದೀರಿ, ತುಂಬ ಸಂತೋಷ. ಮಕ್ಕಳಿಬ್ಬರನ್ನೂ ಹರಸಿ, ಊಟ ಮಾಡಿಕೊಂಡೇ ಹೋಗಬೇಕು." ಮಗಳ ಆಫೀಸಿನವರಿಗೆ ಮಲಯಾಳದಲ್ಲೂ ಎರಡು ಮಾತು. ಅಷ್ಟೇ.

ಮದುವೆಯ ದಿನ ಹೇಳುತ್ತಾರೇನೋ ಅಂತ ಕಾದೆ. ಹೇಳಲಿಲ್ಲ. ಅದು ಪುರೋಹಿತರು ಲಗ್ನಪತ್ರಿಕೆ ಓದುವಾಗ ಎಲ್ಲರೂ ಕೇಳಬೇಕಾದದ್ದು, ಅಲ್ವಾ? ಮಗಳನ್ನು ಹೊಗಳಲೂ ಇಲ್ಲ. ಅದು ನನಗೆ ಜಾಸ್ತಿ ಇಷ್ಟವಾಯ್ತು. ಬೀಗರ ಮುಂದೆ ಅಪ್ಪ ಮಗಳ ಮಾರ್ಕು, ಸಂಬಳ ಎಲ್ಲ ಹೇಳುತ್ತಾ ನಿಂತರೆ, ಪಕ್ಕದಲ್ಲಿ ಕೂತ ಹುಡುಗಿ ಎಲ್ಲಿ ನೋಡಬೇಕು?