ಮಾತಾಡೋದೇ ಕಷ್ಟ ಅನ್ನುವವರಿಗೆ ಜರ್ಮನ್ ಬಿ1 ಟೈಮ್‌ಟೇಬಲ್

"ಗೋಥೆ ಬಿ1 ಪರೀಕ್ಷೆಗೆ ಎರಡು ತಿಂಗಳಿದೆ. ಓದೋದು, ಕೇಳೋದು ಪರವಾಗಿಲ್ಲ. ಬಾಯಿ ಬಿಟ್ಟು ಮಾತಾಡೋದೇ ಆಗ್ತಿಲ್ಲ. ದಿನಾ ಒಂದೂವರೆ ಗಂಟೆ ಸಿಗುತ್ತೆ. ಟೈಮ್‌ಟೇಬಲ್ ಹೇಗೆ ಹಾಕ್ಕೊಳ್ಳಲಿ?"

ಆ ಒಂದೂವರೆ ಗಂಟೆಯಲ್ಲಿ ಮೊದಲ ಅರ್ಧ ಗಂಟೆ ಮಾತಿಗೆ ಕೊಡಿ. ಮೊದಲ ದಿನದಿಂದಲೇ ಕೊಡಿ, ಪುಸ್ತಕ ತೆರೆಯುವ ಮುಂಚೆ ಕೊಡಿ. ನನ್ನ ಬ್ಯಾಚಿಗೆ ಬರುವವರಲ್ಲಿ ಹೆಚ್ಚಿನವರು ವ್ಯಾಕರಣ ಮುಗಿಸಿ, ಆಮೇಲೆ ಕೊನೆಯ ಎರಡು ವಾರ ಮಾತಾಡೋಣ ಅಂದುಕೊಂಡಿರುತ್ತಾರೆ. ಗೊತ್ತಿರುವ ನಿಯಮ ನಾಲಿಗೆಗೆ ಇಳಿಯಲು ವಾರಗಳು ಬೇಕು. ಭಾನುವಾರ ಒಂದೇ ಸಲ ಮೂರು ಗಂಟೆ ಕೂತರೂ ಅದು ಆಗುವುದಿಲ್ಲ.

ಪರೀಕ್ಷೆಯಲ್ಲಿ ಮಾತಿನ ಭಾಗ ಸುಮಾರು 15 ನಿಮಿಷ. ಅದಕ್ಕೆ ಮೊದಲು ತಯಾರಿಗೆ 15 ನಿಮಿಷ ಕೊಡುತ್ತಾರೆ. ಸಾಮಾನ್ಯವಾಗಿ ಇಬ್ಬರು ಅಭ್ಯರ್ಥಿಗಳು ಜೊತೆಯಾಗಿ ಕೂರುತ್ತಾರೆ. ಮೊದಲು ಇಬ್ಬರೂ ಸೇರಿ ಏನಾದರೂ ಯೋಜನೆ ಹಾಕಬೇಕು, ಇದಕ್ಕೆ 28 ಅಂಕ. ಆಮೇಲೆ ಒಬ್ಬೊಬ್ಬರೂ ಒಂದು ವಿಷಯದ ಬಗ್ಗೆ ಮೂರು ನಿಮಿಷ ಮಾತಾಡಬೇಕು, ಇದಕ್ಕೆ 40. ಅದರ ಮೇಲೆ ಪ್ರಶ್ನೆ ಕೇಳಿ, ಉತ್ತರ ಹೇಳುವುದಕ್ಕೆ 16, ಉಚ್ಚಾರಣೆಗೆ 16. ಪಾಸಾಗಲು 60 ಬೇಕು. ಹಾಗಾಗಿ ಟೈಮ್‌ಟೇಬಲ್ಲಿನಲ್ಲಿ ಮೊದಲ ಜಾಗ ಆ ಮೂರು ನಿಮಿಷದ ಮಾತಿಗೆ. ಅಂಕ ಜಾಸ್ತಿ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ, ಅದರ ಚೌಕಟ್ಟು ಯಾವತ್ತೂ ಬದಲಾಗುವುದಿಲ್ಲ. ವಿಷಯ ಏನೇ ಇರಲಿ, ಕೊಟ್ಟ ಹಾಳೆಯಲ್ಲಿ ಐದು ಸ್ಲೈಡ್ ಇರುತ್ತವೆ: ವಿಷಯದ ಪರಿಚಯ, ನಿಮ್ಮ ಅನುಭವ, ನಿಮ್ಮ ದೇಶದಲ್ಲಿ ಪರಿಸ್ಥಿತಿ, ಒಳ್ಳೆಯದು ಕೆಟ್ಟದ್ದು ಮತ್ತು ನಿಮ್ಮ ಅಭಿಪ್ರಾಯ, ಕೊನೆಗೆ ಮುಕ್ತಾಯ ಮತ್ತು ಧನ್ಯವಾದ.

ಒಂದು ವಿಷಯಕ್ಕೆ ಮೂರು ದಿನ ಇಟ್ಟುಕೊಳ್ಳಿ. ವಾರಕ್ಕೆ ಎರಡು ವಿಷಯ ಆಗುತ್ತವೆ, ಏಳನೇ ದಿನ ಖಾಲಿ. ಮೊದಲ ದಿನ ಹತ್ತು ನಿಮಿಷ ಗುರುತು ಹಾಕಿಕೊಳ್ಳಿ. ಪೂರ್ತಿ ವಾಕ್ಯ ಬರೆಯಬೇಡಿ, ಸ್ಲೈಡಿಗೆ ಮೂರು ನಾಲ್ಕು ಪದ ಸಾಕು. ಪರೀಕ್ಷೆಯಲ್ಲೂ ಚೀಟಿ ನೋಡಿಕೊಳ್ಳಬಹುದೇ ಹೊರತು ಓದುವ ಹಾಗಿಲ್ಲ. ಆಮೇಲೆ ಫೋನಿನಲ್ಲಿ ರೆಕಾರ್ಡ್ ಹಾಕಿ, ಅದೇ ಮಾತನ್ನು ಮೂರು ಸಲ ಹೇಳಿ. ಮೊದಲು ನಾಲ್ಕು ನಿಮಿಷದಲ್ಲಿ, ನಂತರ ಮೂರರಲ್ಲಿ, ನಂತರ ಎರಡರಲ್ಲಿ. ಭಾಷೆ ಕಲಿಸುವವರು ಇದನ್ನು 4/3/2 ಅನ್ನುತ್ತಾರೆ. ಮೊದಲ ಸಲ ಏನು ಹೇಳಬೇಕು ಅಂತ ಹುಡುಕುವುದರಲ್ಲೇ ತಲೆ ಖರ್ಚಾಗುತ್ತದೆ. ಎರಡನೇ ಸಲ ವಿಷಯ ಸಿದ್ಧವಿರುತ್ತದೆ, ಗಮನ ವಾಕ್ಯದ ಕಡೆ ಹೋಗುತ್ತದೆ. ಸಮಯ ಕಡಿಮೆಯಾದಷ್ಟೂ ನಡುವಿನ ಮೌನ ಕಡಿಮೆಯಾಗುತ್ತದೆ. ಒಂದು ಅಪಾಯವೂ ಇದೆ: ತಪ್ಪು ವಾಕ್ಯವೂ ಮೂರು ಸಲ ಹೇಳಿದರೆ ಗಟ್ಟಿಯಾಗುತ್ತದೆ. ಅದಕ್ಕೇ ಪ್ರತಿ ಸುತ್ತಿನ ನಂತರ ಒಂದೇ ಒಂದು ತಪ್ಪು ಹಿಡಿದು ಸರಿಮಾಡಿ. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೊರಟರೆ ಮಾತು ನಿಂತೇ ಹೋಗುತ್ತದೆ.

ಎರಡನೇ ದಿನ ಅದೇ ವಿಷಯ, ಆದರೆ ರೆಕಾರ್ಡಿಂಗ್ ಕೇಳಿ ಎಲ್ಲಿ ನಿಂತಿರಿ ಅಂತ ನೋಡಿದ ಮೇಲೆ. ಮೂರನೇ ದಿನ ಜೊತೆಗಾರರ ಮುಂದೆ ಹೇಳಿ. ಅವರು ಎರಡು ಪ್ರಶ್ನೆ ಕೇಳಲಿ, ನೀವು ಉತ್ತರಿಸಿ. ಪ್ರಶ್ನೆ ಕೇಳಿ ಉತ್ತರ ಹೇಳುವ ಭಾಗದ ಅಭ್ಯಾಸ ಅಲ್ಲೇ ಆಗಿಬಿಡುತ್ತದೆ.

ಹಾಸನದಲ್ಲಿ ಸ್ಟಾಫ್ ನರ್ಸ್ ಆಗಿದ್ದ ನನ್ನ ವಿದ್ಯಾರ್ಥಿನಿಯೊಬ್ಬರ ವಿಷಯ ಹೇಳುತ್ತೇನೆ. 'ಮಕ್ಕಳಿಗೆ ಮೊಬೈಲ್ ಬೇಕೇ' ಅನ್ನುವ ವಿಷಯ. ಮೊದಲ ರೆಕಾರ್ಡಿಂಗ್ ಒಂದು ನಿಮಿಷ ಸ್ವಲ್ಪ ದಾಟಿ ನಿಂತಿತ್ತು, ಅದೂ ಮೂರನೇ ಸ್ಲೈಡಿನಲ್ಲಿ. ಶಬ್ದ ಗೊತ್ತಿಲ್ಲ ಅಂತ ಅವರು ಅಂದುಕೊಂಡಿದ್ದರು. ಕೇಳಿ ನೋಡಿದರೆ ಬೇರೆಯೇ ಇತ್ತು. "ನಮ್ಮಲ್ಲಿ ಕೊರೋನಾ ಸಮಯದಲ್ಲಿ ಶಾಲೆ ಮುಚ್ಚಿದ್ದರಿಂದ ಫೋನ್ ಕೊಡಲೇಬೇಕಾದ ಪರಿಸ್ಥಿತಿ ಬಂದು ಆಮೇಲೆ ಅದೇ ಅಭ್ಯಾಸವಾಯಿತು" ಅನ್ನುವ ಇಡೀ ಕನ್ನಡ ವಾಕ್ಯವನ್ನು ಒಂದೇ ಉಸಿರಿಗೆ ಜರ್ಮನ್ ಮಾಡಲು ಹೊರಟಿದ್ದರು. ಅದನ್ನು ಮೂರು ಮಾಡಿದೆವು. ಶಾಲೆಗಳು ಮುಚ್ಚಿದ್ದವು. ಮಕ್ಕಳು ಮೊಬೈಲಿನಲ್ಲಿ ಕಲಿತರು. ಈಗಲೂ ತುಂಬಾ ಹೊತ್ತು ನೋಡುತ್ತಾರೆ. ಮೂರಕ್ಕೂ ಬೇಕಾದ ಜರ್ಮನ್ ಅವರ ಹತ್ತಿರ ಮೊದಲೇ ಇತ್ತು. ಮಾರನೇ ದಿನದ ಸುತ್ತಿನಲ್ಲಿ ಐದನೇ ಸ್ಲೈಡ್ ತಲುಪಿದರು. ಅವರಿಗೆ ರಾತ್ರಿ ಡ್ಯೂಟಿ ಇರುವ ವಾರ ಹೊಸ ವಿಷಯ ಬೇಡ ಅಂತ ನಿಗದಿ ಮಾಡಿದ್ದೆವು. ಹಳೆಯ ವಿಷಯವನ್ನೇ ಎರಡು ನಿಮಿಷದಲ್ಲಿ ಹೇಳಿ ಮುಗಿಸುತ್ತಿದ್ದರು. ಶಿಫ್ಟಿನಲ್ಲಿ ಕೆಲಸ ಮಾಡುವವರು ಈ ರೀತಿ ಇಟ್ಟುಕೊಂಡರೆ ಟೈಮ್‌ಟೇಬಲ್ ಮುರಿಯುವುದಿಲ್ಲ.

ಮೂರನೇ ವಾರದಿಂದ ಯೋಜನೆ ಹಾಕುವ ಭಾಗ ಸೇರಿಸಿ, ವಾರಕ್ಕೆ ಎರಡು ಮೂರು ಸಲ ಸಾಕು. ಆಸ್ಪತ್ರೆಯಲ್ಲಿರುವ ಗೆಳೆಯನನ್ನು ನೋಡಲು ಹೋಗಬೇಕು, ಯಾವಾಗ, ಹೇಗೆ, ಏನು ತಗೊಂಡು ಹೋಗೋದು ಅಂತ ಇಬ್ಬರೂ ತೀರ್ಮಾನಿಸಬೇಕು, ಇಂಥದ್ದು. ಇಲ್ಲಿ ಆಗುವ ದೊಡ್ಡ ತಪ್ಪು ಅಂದರೆ ಇಬ್ಬರೂ ತಮ್ಮ ತಮ್ಮ ಪಟ್ಟಿ ಒಪ್ಪಿಸುವುದು. ಒಬ್ಬರು "ಶನಿವಾರ ಹೋಗೋಣ" ಅಂದರೆ ಇನ್ನೊಬ್ಬರು "ನಾನು ಹೂವು ತರ್ತೀನಿ" ಅನ್ನುತ್ತಾರೆ. ಶನಿವಾರದ ಮಾತಿಗೆ ಉತ್ತರವೇ ಇಲ್ಲ, ಅಲ್ವಾ? ರೆಕಾರ್ಡಿಂಗ್ ಕೇಳುವಾಗ ನಿಮ್ಮ ಎಷ್ಟು ವಾಕ್ಯಗಳು ಎದುರಿನವರ ಮಾತನ್ನು ಹಿಡಿದು ಶುರುವಾಗಿವೆ ಅಂತ ನೋಡಿ. ಅರ್ಧವೂ ಇಲ್ಲದಿದ್ದರೆ ಒಂದು ನಿಯಮ ಹಾಕಿಕೊಳ್ಳಿ: ಮೊದಲು ಒಪ್ಪಿಗೆ ಅಥವಾ ಬೇಡ, ಆಮೇಲೆ ಕಾರಣ, ಆಮೇಲೆ ನಿಮ್ಮ ಸಲಹೆ. ಜೊತೆಗಾರರನ್ನು ಆಗಾಗ ಬದಲಿಸಿ. ಪರೀಕ್ಷೆಯಲ್ಲಿ ಎದುರು ಕೂರುವವರು ಅಪರಿಚಿತರೇ ಇರಬಹುದು.

ಉಳಿದ ಒಂದು ಗಂಟೆ ಓದು, ಕೇಳು, ಬರಹಕ್ಕೆ. ನಿಮಗೆ ಓದು ಬರುತ್ತದೆ ಅಂದ ಮೇಲೆ ವಾರಕ್ಕೆ ಒಂದು 65 ನಿಮಿಷದ ಓದಿನ ಪತ್ರಿಕೆ ಸಾಕು. 40 ನಿಮಿಷದ ಕೇಳುವ ಪತ್ರಿಕೆ ಇನ್ನೊಂದು ದಿನ. ಮಾದರಿ ಪತ್ರಿಕೆ goethe.de ಯಲ್ಲಿ ಉಚಿತವಾಗಿ ಸಿಗುತ್ತದೆ. ಪತ್ರಿಕೆ ಮುಗಿದ ಮೇಲೆ ಅದರ ಒಂದು ಭಾಗವನ್ನು ಮುಚ್ಚಿಟ್ಟು ಒಂದು ನಿಮಿಷ ಜೋರಾಗಿ ಹೇಳಿ. ಮಾತಿಗೆ ಬೇಕಾದ ಶಬ್ದಗಳು ಅಲ್ಲಿಂದಲೇ ಬರುತ್ತವೆ, ಬೇರೆ ಪಟ್ಟಿ ಉರು ಹೊಡೆಯಬೇಕಿಲ್ಲ.

ಏಳನೇ ವಾರ ಪೂರ್ತಿ ಪರೀಕ್ಷೆಯ ಹಾಗೆ ಮಾಡಿ. ಗಡಿಯಾರ ಇಟ್ಟು 15 ನಿಮಿಷ ತಯಾರಿ, ಫೋನ್ ಮತ್ತು ನಿಘಂಟು ದೂರ. ಕೊಟ್ಟ ಎರಡು ವಿಷಯಗಳಲ್ಲಿ ಒಂದನ್ನು ಒಂದೇ ನಿಮಿಷದಲ್ಲಿ ಆರಿಸಿ. ಇಲ್ಲೇ ತುಂಬಾ ಜನ ಐದು ನಿಮಿಷ ಕಳೆದುಕೊಳ್ಳುತ್ತಾರೆ. ಸ್ವಂತ ಅನುಭವ ಯಾವುದಕ್ಕೆ ತಕ್ಷಣ ನೆನಪಾಗುತ್ತದೋ ಅದನ್ನೇ ತಗೊಳ್ಳಿ. ಎಂಟನೇ ವಾರ ಹೊಸ ವಿಷಯ ಬೇಡ, ಹಳೆಯವನ್ನೇ ತಿರುವಿ ಹಾಕಿ.

ಇದೆಲ್ಲಕ್ಕೂ ಮುಂಚೆ, ಫೀಸ್ ಕಟ್ಟುವಾಗಲೇ ಯೋಚಿಸಬೇಕಾದ ಒಂದು ವಿಷಯ ಇದೆ. ಬಿ1ರಲ್ಲಿ ನಾಲ್ಕು ಭಾಗಗಳನ್ನು ಒಟ್ಟಿಗೂ ಬರೆಯಬಹುದು, ಬೇರೆ ಬೇರೆಯಾಗಿಯೂ ಬರೆಯಬಹುದು. ಫೇಲಾದ ಭಾಗವನ್ನಷ್ಟೇ ಮತ್ತೆ ಬರೆಯಬಹುದು. ನೋಂದಣಿ ಮಾಡುವ ಹೊತ್ತಿಗೆ ಹೊಸ ವಿಷಯ ಕೊಟ್ಟು ಚೀಟಿ ಹಿಡಿದು ಎರಡು ನಿಮಿಷವೂ ಮಾತು ಮುಂದುವರಿಯದಿದ್ದರೆ, ಉಳಿದ ಮೂರನ್ನು ಈಗ ಬರೆದು ಮಾತಿನ ಭಾಗವನ್ನು ಮುಂದಿನ ದಿನಾಂಕಕ್ಕೆ ಇಟ್ಟುಕೊಳ್ಳಿ. ಆಗ ಉಳಿದ ಅಷ್ಟೂ ವಾರಗಳ ಒಂದೂವರೆ ಗಂಟೆ ಪೂರ್ತಿ ಮಾತಿಗೇ ಸಿಗುತ್ತದೆ. ಆದರೆ ಪಾಸಾಗಿರಬೇಕಾದ ಕೊನೆಯ ದಿನ ಯಾವುದು ಅಂತ ನಿಮ್ಮ ಏಜೆನ್ಸಿಯನ್ನೋ ಕಾಲೇಜನ್ನೋ ಮೊದಲು ಕೇಳಿಕೊಳ್ಳಿ. ಬೇಕಾದ ಊರಿನಲ್ಲಿ ಆ ಒಂದು ಭಾಗಕ್ಕೆ ಯಾವಾಗ ಸೀಟಿದೆ ಅಂತಲೂ ನೋಡಿಕೊಂಡು ಆಮೇಲೆ ತೀರ್ಮಾನಿಸಿ.